ಎದುರು ಮಾತಾಡುವ ಊರು

1975ರ ಆಗಸ್ಟ್ 1ರಂದು ವಿಜಾಪುರ, ಕಲಬುರ್ಗಿ, ರಾಯಚೂರು ಜಿಲ್ಲೆಗಳ ಆಯ್ದ ಹಳ್ಳಿಗಳಿಗೆ ಆಕಾಶದಿಂದ ಟಿವಿ ಬಂತು. ಅಮೆರಿಕದಿಂದ ಒಂದು ವರ್ಷದ ಮಟ್ಟಿಗೆ ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಕಾರ್ಯಕ್ರಮ ಬಿತ್ತರಿಸುವ 'ಸೈಟ್' ಪ್ರಯೋಗ ಅದು. ಶಾಲೆಯ ಅಥವಾ ಪಂಚಾಯಿತಿಯ ಕಟ್ಟಡಕ್ಕೆ ಕೋಳಿಗೂಡಿನ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ, ಒಳಗೆ ಊರಿಗೊಂದೇ ಟಿವಿ. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ಬಿಸಿಲು ನಾಡಿನ ರೈತ ಅಂಗಳದಲ್ಲಿ ಕೂತು ಟಿವಿ ನೋಡಿದ್ದ.

ಆ ಪ್ರಯೋಗ ಸೋತಿತು ಎನ್ನುವುದು ಅನ್ಯಾಯದ ಮಾತು. ಓದು ಬಾರದವರು, ಅದರಲ್ಲೂ ಹೆಂಗಸರು, ಆರೋಗ್ಯದ ವಿಷಯದಲ್ಲಿ ಹೊಸದನ್ನು ತಿಳಿದುಕೊಂಡರು ಎಂದು ಅಧ್ಯಯನ ಮಾಡಿದವರು ದಾಖಲಿಸಿದ್ದಾರೆ. ಮೊದಲ ವಾರಗಳ ಜಾತ್ರೆಯಂಥ ಗುಂಪು ಕ್ರಮೇಣ ಕರಗಿತು, ಉಳಿದವರು ನೋಡುತ್ತ ಹೋದರು. ಆದರೆ ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನ ಸ್ಟುಡಿಯೋದಲ್ಲಿ. ಹೊಸ ಬೀಜ ಹಾಕಿರಿ ಎಂದು ಪರದೆಯ ಮೇಲಿನವರು ಹೇಳಿದಾಗ, 'ಸಾಲ ಕೊಡೋರು ಯಾರ್ರೀ?' ಎಂದು ಅಂಗಳದಲ್ಲಿ ಕೂತವನು ಕೇಳಿದರೆ ಆ ಮಾತು ಎಲ್ಲಿಗೂ ತಲುಪುತ್ತಿರಲಿಲ್ಲ. ಹಳ್ಳಿಗೆ ಸಂದೇಶ ಮುಟ್ಟಿಸುವವರು ಇವತ್ತಿಗೂ ಬಿಡಿಸಿಕೊಳ್ಳದ ಗಂಟು ಇದೇ. ಹೇಳಿದ್ದು ಮುಟ್ಟಿತೇ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಕೇಳಿದವರು ಏನೆಂದರು ಎಂಬ ಲೆಕ್ಕ ಯಾರ ಪುಸ್ತಕದಲ್ಲೂ ಇರುವುದಿಲ್ಲ.

ಅದೇ ಜಿಲ್ಲೆಗಳಲ್ಲಿ, ಅದೇ ಕಾಲದಲ್ಲಿ, ಕೇಳಿದವರು ಏನನ್ನುತ್ತಾರೆ ಎಂಬುದರ ಮೇಲೆಯೇ ನಿಂತಿದ್ದ ಇನ್ನೊಂದು ಮಾಧ್ಯಮವಿತ್ತು. ಗೀಗೀ ಪದದ ಮೇಳ. ಕೈಯಲ್ಲಿ ಡಪ್ಪು, ಪಕ್ಕದಲ್ಲಿ ತುಂತುಣಿ, ತಾಳ, ಮುಮ್ಮೇಳದವರು ಒಂದು ನುಡಿ ಹಾಡಿದರೆ ಹಿಮ್ಮೇಳದವರು 'ಗೀಯ ಗೀಯ' ಎಂದು ಎತ್ತಿಕೊಳ್ಳುತ್ತಾರೆ. ಅದರಲ್ಲಿ ಹರದೇಶಿ–ನಾಗೇಶಿ ಎಂಬ ಎರಡು ಪಂಗಡ. ಹರದೇಶಿಯವರು ಶಿವನ ಕಡೆ, ಅಂದರೆ ಗಂಡಿನ ಕಡೆ. ನಾಗೇಶಿಯವರು ಶಕ್ತಿಯ ಕಡೆ, ಹೆಣ್ಣಿನ ಕಡೆ. ಒಬ್ಬರು ಹಾಡಿನಲ್ಲೇ ಸವಾಲು ಒಡ್ಡಬೇಕು, ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ರಾತ್ರಿಯಿಡೀ ನಡೆಯುವ ಈ ವಾದದಲ್ಲಿ ಊರಿನವರು ಸುಮ್ಮನೆ ಕೂರುವುದಿಲ್ಲ. ಉತ್ತರ ಸಪ್ಪೆಯಾದರೆ ಕೂಗುತ್ತಾರೆ, ಚುರುಕಾಗಿದ್ದರೆ ಮೆಚ್ಚಿ ದುಡ್ಡು ಕೊಡುತ್ತಾರೆ. ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಬ್ರಿಟಿಷರ ವಿರುದ್ಧದ ಮಾತು ಊರೂರಿಗೆ ಹೋದದ್ದೂ ಇಂಥ ಲಾವಣಿ, ಗೀಗೀ ಪದಗಳ ಬೆನ್ನೇರಿಯೇ.

ಈ ಪ್ರಕಾರದ ಗುಟ್ಟೊಂದನ್ನು ಸರ್ಕಾರಿ ಪ್ರಚಾರದವರು ಬಹಳ ಸಲ ಮರೆಯುತ್ತಾರೆ. ಹರದೇಶಿ ಹಾಡುವವನು ಗಂಡಿನ ಪರವಾಗಿ ತನ್ನಿಂದಾಗುವ ಅತ್ಯಂತ ಗಟ್ಟಿ ವಾದವನ್ನೇ ಹೂಡುತ್ತಾನೆ, ಸೋಲಬೇಕೆಂದು ಸಡಿಲ ಬಿಡುವುದಿಲ್ಲ. ಹಾಗಾಗಿಯೇ ನಾಗೇಶಿಯ ಗೆಲುವಿಗೆ ಬೆಲೆ. ಹೆಣ್ಣುಮಕ್ಕಳ ಓದು, ಸಾಕ್ಷರತೆ, ಶೌಚಾಲಯ ಎಂದು ವಿಷಯ ಕೊಟ್ಟು ಪದ ಕಟ್ಟಿಸುವಾಗ ಎದುರು ಪಕ್ಷವನ್ನು ಪೆದ್ದನನ್ನಾಗಿ ಮಾಡಿಬಿಟ್ಟರೆ ಡಪ್ಪು, ತುಂತುಣಿ, ರಾಗ ಎಲ್ಲ ಉಳಿದರೂ ಜಗಳ ಹೋಗಿಬಿಡುತ್ತದೆ. ಜಗಳ ಹೋದ ಗೀಗೀ ಪದವನ್ನು ಊರಿನವರು ಮರ್ಯಾದೆಗೆ ಕೂತು ಕೇಳಿ, ಅಷ್ಟೇ ಮರ್ಯಾದೆಯಿಂದ ಎದ್ದು ಹೋಗುತ್ತಾರೆ.

ಬೀದಿ ನಾಟಕದ ಕಥೆ ಬೇರೆ. ಅದು ಹಳ್ಳಿಯಲ್ಲಿ ಹುಟ್ಟಿದ್ದಲ್ಲ. ನಗರದ ಓದಿದ ಹುಡುಗ ಹುಡುಗಿಯರು ಹಳ್ಳಿಗೆ ಒಯ್ದದ್ದು. 1975ರಲ್ಲಿ ಬೆಂಗಳೂರಿನಲ್ಲಿ ಪ್ರಸನ್ನ ಮತ್ತು ಗೆಳೆಯರು 'ಸಮುದಾಯ' ಕಟ್ಟಿದರು. 1977ರ ಮೇ ತಿಂಗಳಲ್ಲಿ ಬಿಹಾರದ ಬೆಲ್ಚಿ ಎಂಬ ಊರಿನಲ್ಲಿ ಹನ್ನೊಂದು ಜನರನ್ನು, ಅವರಲ್ಲಿ ಹೆಚ್ಚಿನವರು ದಲಿತರು, ಕೊಂದು ಸುಟ್ಟರು. ಪತ್ರಿಕೆಗಳು ಆ ಸುದ್ದಿಯನ್ನು ದೇಶಕ್ಕೆಲ್ಲ ಮುಟ್ಟಿಸಿದವು. ಅದನ್ನೇ ಎತ್ತಿಕೊಂಡು ಸಿಜಿಕೆ ನಿರ್ದೇಶನದ 'ಬೆಲ್ಚಿ' ಕರ್ನಾಟಕದ ಬೀದಿಗಳಿಗೆ ಇಳಿಯಿತು. 1979ರಲ್ಲಿ ಸಮುದಾಯ ಜಾಥಾ ಹೊರಟಿತು. ಪತ್ರಿಕೆ ಓದುವವನಿಗೆ ಬೆಲ್ಚಿ ಬಿಹಾರದ ಸಂಗತಿ. ತನ್ನ ಊರಿನ ಚೌಕದಲ್ಲಿ, ಗೌಡರ ಕಟ್ಟೆಯ ಎದುರಿಗೇ, ಆ ಕೊಲೆ ನಡೆಯುವುದನ್ನು ನಿಂತು ನೋಡುವವನಿಗೆ ಬಿಹಾರ ಅಷ್ಟು ದೂರ ಉಳಿಯುವುದಿಲ್ಲ. ಸುದ್ದಿಯನ್ನು ತಂದುಕೊಟ್ಟದ್ದು ಮುದ್ರಣ ಮಾಧ್ಯಮವೇ. ಆ ಸುದ್ದಿ ಯಾರದು ಎಂಬ ಪ್ರಶ್ನೆಯನ್ನು ಎತ್ತಿದ್ದು ಬೀದಿ.

ಇದೊಂದು ಕಸುಬು. ಹಾಡು ಬರುವ ನಾಲ್ಕು ಜನ ಸೇರಿ ಘೋಷಣೆ ಕೂಗಿದರೆ ಬೀದಿ ನಾಟಕ ಆಗುವುದಿಲ್ಲ. ಉತ್ತರ ಕರ್ನಾಟಕದ ಒಂದು ಹಳ್ಳಿಯಲ್ಲಿ ಬಾಲ್ಯವಿವಾಹದ ಬಗ್ಗೆ ನಾಟಕ ಆಡಬೇಕು ಎಂದುಕೊಳ್ಳೋಣ. ತಂಡಕ್ಕೆ ಸಾಮಾನ್ಯವಾಗಿ ಕೈಗೆ ಸಿಗುವುದು ಒಂದು ಕರಪತ್ರ. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು, 2006ರ ಕಾಯ್ದೆಯಂತೆ ಬಾಲ್ಯವಿವಾಹ ಅಪರಾಧ, ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು, ಸಹಾಯವಾಣಿ 1098. ಇದನ್ನು ರೇಡಿಯೊ ಅರ್ಧ ನಿಮಿಷದಲ್ಲಿ ತಪ್ಪಿಲ್ಲದೆ ಹೇಳುತ್ತದೆ. ತಂಡವೂ ಇಷ್ಟನ್ನೇ ಹೇಳುವುದಾದರೆ ಎಂಟು ಜನ ಟೆಂಪೊ ಹತ್ತಿ ಹೋಗುವ ಅಗತ್ಯವೇ ಇಲ್ಲ.

ತಂಡದ ಕೆಲಸ ಶುರುವಾಗುವುದು ಒಂದು ದಿನ ಮೊದಲೇ ಊರಿಗೆ ಹೋಗಿ ಕೂತು ಕೇಳುವುದರಿಂದ. ಅಂಗನವಾಡಿ ಕಾರ್ಯಕರ್ತೆ, ಆಶಾ, ಹೈಸ್ಕೂಲಿನ ಮೇಷ್ಟ್ರು, ಕಿರಾಣಿ ಅಂಗಡಿಯವರು, ಬಾವಿಕಟ್ಟೆಯ ಅಜ್ಜಿಯರು. ಮದುವೆ ಬೇಗ ಯಾಕೆ ಮಾಡುತ್ತೀರಿ ಎಂದರೆ 'ನಮ್ಮಲ್ಲಿ ಹಂಗೇನಿಲ್ಲ ಬಿಡ್ರಿ' ಎಂಬ ಉತ್ತರ ಬರುತ್ತದೆ. ಹೋದ ವರ್ಷದ ಮದುವೆಗಳ ಸುದ್ದಿ ಎತ್ತಿದರೆ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಕ್ಕನ ಮದುವೆಯ ಹಂದರದಲ್ಲೇ ತಂಗಿಯದೂ ಮುಗಿಸಿದರೆ ಊಟದ ಖರ್ಚು ಒಂದೇ. ಅಜ್ಜಿ ಕಣ್ಣು ಮುಚ್ಚುವುದರೊಳಗೆ ಮೊಮ್ಮಗಳ ಮದುವೆ ನೋಡಬೇಕಂತೆ. ಕಬ್ಬು ಕಡಿಯಲು ಆರು ತಿಂಗಳು ಗುಳೆ ಹೋಗುವ ತಾಯ್ತಂದೆ ಬೆಳೆದ ಹುಡುಗಿಯನ್ನು ಯಾರ ಹತ್ತಿರ ಬಿಟ್ಟು ಹೋಗಬೇಕು? ಹೈಸ್ಕೂಲಿನ ಆಚೆ ಓದಬೇಕೆಂದರೆ ತಾಲೂಕಿಗೆ ಹೋಗಬೇಕು, ಸಂಜೆಯ ಬಸ್ಸಿನ ಗ್ಯಾರಂಟಿ ಇಲ್ಲ. ಇವು ಮೌಢ್ಯದ ಮಾತುಗಳಲ್ಲ. ಬಡ ಸಂಸಾರದ ಲೆಕ್ಕಾಚಾರ. ರಾಜ್ಯಕ್ಕೆಲ್ಲ ಒಂದೇ ಜಾಹೀರಾತು ಮಾಡುವ ಟಿವಿಗೆ ಈ ಊರಿನ ಕಾರಣ ಗುಳೆಯೋ ಹಂದರವೋ ಎಂದು ಗೊತ್ತಾಗುವ ದಾರಿಯಿಲ್ಲ. ತಂಡಕ್ಕೆ ಇದೆ. ಅದರ ಮೇಲುಗೈ ಎಲ್ಲ ಇರುವುದು ಈ ಒಂದು ದಿನದಲ್ಲಿ, ಮತ್ತು ಖರ್ಚು ಉಳಿಸಲು ಮೊದಲು ಕೈಬಿಡುವುದೂ ಇದೇ ದಿನವನ್ನು.

ಈ ಊರಿನಲ್ಲಿ ಸಿಕ್ಕಿದ್ದು ಹಂದರದ ಲೆಕ್ಕ ಎನ್ನೋಣ. ನಾಟಕದ ಕೇಂದ್ರಕ್ಕೆ ಅದೇ ಬರಬೇಕು. ಅಪ್ಪ ಕೆಟ್ಟವನಾಗಬಾರದು. ಕಲ್ಲವ್ವ ಎಂಬ ದೊಡ್ಡ ಮಗಳಿಗೆ ಇಪ್ಪತ್ತು, ಸಣ್ಣವಳಿಗೆ ಹದಿನಾರು. ಅಡುಗೆಯವರಿಗೆ ಇಷ್ಟು, ಸೀರೆಗೆ ಇಷ್ಟು, ಬ್ಯಾಂಡಿನವರಿಗೆ ಇಷ್ಟು ಎಂದು ಅಪ್ಪ ಕೈಬೆರಳು ಮಡಿಸುತ್ತ ಹೋಗುತ್ತಾನೆ. ನೋಡುವವರು ತಲೆಯಾಡಿಸುತ್ತಾರೆ, ಯಾಕೆಂದರೆ ಲೆಕ್ಕ ಸರಿಯಿದೆ. ಅಲ್ಲಿಗೆ ಸಣ್ಣವಳು ಬಂದು, 'ಯಪ್ಪಾ, ಹೆರಿಗಿ ದವಾಖಾನಿ ಖರ್ಚು ಹಿಡದಿಲ್ಲಲ್ಲೋ' ಎನ್ನುತ್ತಾಳೆ. ಅಪ್ಪನ ಲೆಕ್ಕವನ್ನು ಮಗಳು ಲೆಕ್ಕದಿಂದಲೇ ಮುರಿಯುತ್ತ ಹೋಗುವುದು ನಾಟಕದ ನಡು. ಚಿಕ್ಕ ವಯಸ್ಸಿನ ಬಸಿರಿನ ಅಪಾಯ, ರಕ್ತಹೀನತೆ, ಬಿಟ್ಟುಹೋದ ಶಾಲೆ ಎಲ್ಲವೂ ಆ ಲೆಕ್ಕದ ಸಾಲುಗಳಾಗಿಯೇ ಬರಬೇಕು, ಭಾಷಣವಾಗಿ ಬಂದರೆ ಕಿವಿ ಮುಚ್ಚುತ್ತವೆ. 1098 ಎಂಬ ಸಂಖ್ಯೆ ಬರುವುದು ಕೊನೆಯಲ್ಲಿ ಒಂದೇ ಕಡೆ. ಹುಡುಗಿಯ ಗೆಳತಿಯರು ಅದನ್ನು ಕುಂಟೆಬಿಲ್ಲೆಯ ಮನೆಗಳಾಗಿ ನೆಲದ ಮೇಲೆ ಬರೆದು ಕುಪ್ಪಳಿಸುತ್ತಾರೆ. ಮರುದಿನ ಊರಿನ ಮಕ್ಕಳು ಅದನ್ನೇ ಆಡುತ್ತಿದ್ದರೆ ಆ ಸಂಖ್ಯೆ ಮನೆ ಮನೆ ಸೇರಿದೆ ಎಂದು ಲೆಕ್ಕ.

ಅರ್ಧ ಗಂಟೆಯ ನಾಟಕದಲ್ಲಿ ಒಂದು ಸಂಗತಿ ಹಿಡಿಯುತ್ತದೆ, ಬಹಳವೆಂದರೆ ಎರಡು. ಮೈಕಿಲ್ಲದೆ ದನಿ ಮುಟ್ಟುವುದು ಇನ್ನೂರು ಮುನ್ನೂರು ಜನರಿಗೆ. ಸುತ್ತಲೂ ಜನ ಇರುವುದರಿಂದ ಯಾವಾಗಲೂ ಯಾರಿಗಾದರೂ ಬೆನ್ನು ತೋರಿಸಲೇಬೇಕು. ಹಾಗಾಗಿ ಮುಖ್ಯ ಮಾತನ್ನು ತಿರುಗುತ್ತ ಮೂರು ದಿಕ್ಕಿಗೆ ಮೂರು ಸಲ ಹೇಳುತ್ತಾರೆ, ಅಥವಾ ಹಿಮ್ಮೇಳದವರು ಎತ್ತಿಕೊಂಡು ಹಾಡುತ್ತಾರೆ. ಒಂದು ಟವೆಲು ಅಪ್ಪನ ರುಮಾಲಾಗುತ್ತದೆ, ಮರುಕ್ಷಣ ತೊಟ್ಟಿಲಾಗುತ್ತದೆ. ಮಳೆಗಾಲದಲ್ಲಿ ತೇವಕ್ಕೆ ಡಪ್ಪಿನ ಚರ್ಮ ಸಡಿಲಾಗುತ್ತದೆ. ಬೆಂಕಿಗೆ ಹಿಡಿದು ಕಾಯಿಸಿ ಬಿಗಿ ಮಾಡದೆ ಊರಿನಲ್ಲಿ ಬಾರಿಸುತ್ತ ಸುತ್ತಿದರೆ ಎರಡು ಓಣಿಯಾಚೆಗೆ ಕೇಳುವುದಿಲ್ಲ, ಜನ ಸೇರುವುದಿಲ್ಲ.

ಎಲ್ಲಿ ಆಡುವುದು ಎಂಬುದು ಏನಾಡುವುದು ಎಂಬಷ್ಟೇ ದೊಡ್ಡ ಪ್ರಶ್ನೆ. ಗುಡಿಯ ಮುಂದಿನ ಬಯಲು ಎಲ್ಲಕ್ಕಿಂತ ವಿಶಾಲ, ಪಂಚಾಯಿತಿಯವರು ತೋರಿಸುವುದೂ ಅದನ್ನೇ. ಆದರೆ ಅಲ್ಲಿಗೆ ದಲಿತ ಕೇರಿಯ ಹೆಂಗಸರು ಬಂದು ನಿಲ್ಲುವುದಿಲ್ಲ, ಬಂದರೂ ದೂರ ನಿಲ್ಲುತ್ತಾರೆ. ಕೇರಿಯಲ್ಲಿ ಆಡಿದರೆ ಮೇಲಿನ ಓಣಿಯವರು ಬರುವುದಿಲ್ಲ. ಒಂದೇ ಊರಿನಲ್ಲಿ ಎರಡು ಕಡೆ ಆಡುವುದು, ಮೊದಲ ಪ್ರದರ್ಶನವನ್ನು ಕೇರಿಯಲ್ಲೇ ಇಟ್ಟುಕೊಳ್ಳುವುದು ಅನುಭವಸ್ಥ ತಂಡಗಳ ಪದ್ಧತಿ. ಹೊತ್ತೂ ಹಾಗೆಯೇ. ಸಂಜೆ ಧಾರಾವಾಹಿಯ ಹೊತ್ತಿಗೆ ಡಪ್ಪು ಬಾರಿಸಿದರೆ ಗಂಡಸರೂ ಮಕ್ಕಳೂ ಸಿಗುತ್ತಾರೆ, ಯಾರಿಗಾಗಿ ನಾಟಕ ಕಟ್ಟಿದ್ದೋ ಆ ತಾಯಂದಿರು ಮನೆಯೊಳಗೇ ಉಳಿಯುತ್ತಾರೆ.

ಟಿವಿ, ರೇಡಿಯೊಗಳ ಸಾಮರ್ಥ್ಯವೂ ಇಲ್ಲೇ ಕಾಣುವುದು. ಹೊಸ್ತಿಲು ದಾಟಲು ಬಿಡದ ಮನೆಯ ಸೊಸೆಗೆ ಬೀದಿ ನಾಟಕ ಮುಟ್ಟುವುದೇ ಇಲ್ಲ, ರೇಡಿಯೊ ಮುಟ್ಟುತ್ತದೆ. ಮುಟ್ಟಿನ ತೊಂದರೆ, ಗರ್ಭನಿರೋಧಕ, ಏಡ್ಸ್‌ನಂಥ ವಿಷಯಗಳನ್ನು ಊರಿನ ಎದುರು ನಿಂತು ಕೇಳುವುದಕ್ಕಿಂತ ಒಬ್ಬಳೇ ಕೂತು ಕೇಳುವುದು ಸುಲಭ. ಬೀದಿ ನಾಟಕದಲ್ಲಿ ಹೇಳಿದ್ದು ಪ್ರತಿ ಪ್ರದರ್ಶನಕ್ಕೂ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ನಗು ಸಿಕ್ಕ ಕಡೆ ಹಾಸ್ಯಗಾರ ಮಾತು ಬೆಳೆಸುತ್ತಾನೆ, ಮಾತ್ರೆ ಎಷ್ಟು ದಿನ ನುಂಗಬೇಕು ಎಂಬಂಥ ವಿವರ ತಿರುಚಿ ಹೋಗುವುದುಂಟು. ಕ್ಷಯದ ಔಷಧಿಯ ಅವಧಿ, ಲಸಿಕೆಯ ದಿನಾಂಕ, ಚಂಡಮಾರುತದ ಮುನ್ಸೂಚನೆ ಇವುಗಳಿಗೆ ಒಂದೇ ಮಾತನ್ನು ಒಂದೇ ಹೊತ್ತಿಗೆ ಎಲ್ಲರಿಗೂ ಹೇಳುವ ಮಾಧ್ಯಮವೇ ಬೇಕು. ಜಾನಪದ ಒಳ್ಳೆಯದು, ಟಿವಿ ಕೆಟ್ಟದ್ದು ಎಂಬ ಭಾವುಕತೆಗೆ ಬಿದ್ದವರು ಹಳ್ಳಿಯ ಜನಕ್ಕೆ ಉಪಕಾರ ಮಾಡುವುದಿಲ್ಲ.

ನಾಟಕ ಮುಗಿದ ಮೇಲಿನ ಹತ್ತು ನಿಮಿಷವೇ ಬೀದಿ ನಾಟಕದ ನಿಜವಾದ ಸಂಪಾದನೆ. ಪಶ್ಚಿಮ ಬಂಗಾಳದಲ್ಲಿ 1985ರಿಂದ ಕೆಲಸ ಮಾಡುತ್ತಿರುವ 'ಜನ ಸಂಸ್ಕೃತಿ' ತಂಡ ಬ್ರೆಜಿಲ್‌ನ ಅಗಸ್ತೊ ಬೋಲ್ ರೂಪಿಸಿದ ವಿಧಾನವನ್ನು ಹಳ್ಳಿಗಳಿಗೆ ಒಗ್ಗಿಸಿಕೊಂಡಿದೆ. ಅದರಲ್ಲಿ ನಾಟಕ ಅನ್ಯಾಯದಲ್ಲೇ ನಿಂತುಬಿಡುತ್ತದೆ. ಪರಿಹಾರ ತೋರಿಸುವುದಿಲ್ಲ. ಅದೇ ದೃಶ್ಯವನ್ನು ಮತ್ತೆ ಶುರು ಮಾಡುತ್ತಾರೆ, ಈ ಸಲ ನೋಡುವವರಲ್ಲಿ ಯಾರು ಬೇಕಾದರೂ ನಿಲ್ಲಿಸಿ, ಒಳಗೆ ಬಂದು, ಆ ಹುಡುಗಿಯ ಜಾಗದಲ್ಲಿ ನಿಂತು ತಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಆಡಿ ತೋರಿಸಬಹುದು. ನಮ್ಮ ಹಂದರದ ನಾಟಕದಲ್ಲಿ ಹೀಗೆ ಮಾಡಿದರೆ ಮೊದಲು ಒಳಬರುವವಳು ಬಹುಶಃ ಹೈಸ್ಕೂಲಿನ ಹುಡುಗಿ. ಅಪ್ಪನಿಗೆ ಕಾನೂನು ಹೇಳುತ್ತಾಳೆ. ಅಪ್ಪನ ಪಾತ್ರದ ನಟ ಸುಲಭಕ್ಕೆ ಬಗ್ಗಬಾರದು, ಊರಿನ ಅಪ್ಪ ಬಗ್ಗುವುದಿಲ್ಲವಲ್ಲ. ಎರಡನೆಯವಳು ಅಜ್ಜಿಯನ್ನು ಒಲಿಸಿಕೊಳ್ಳಲು ನೋಡುತ್ತಾಳೆ. ಮೂರನೆಯವಳು ಮೇಷ್ಟ್ರನ್ನು ಕರೆತರುತ್ತಾಳೆ. ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಊರೇ ತೂಗುತ್ತದೆ. ಹರದೇಶಿ–ನಾಗೇಶಿಯ ಊರಿಗೆ ಇದು ಹೊಸತೇನೂ ಆಗಬೇಕಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮಲ್ಲಿ ನಡೆಯುವ ಬಹುಪಾಲು ಕಲಾಜಾಥಾಗಳು ಸೊರಗುವುದಕ್ಕೆ ಕಾರಣ ಕಲಾವಿದರಲ್ಲಿಲ್ಲ, ಅವರಿಗೆ ಕೆಲಸ ಕೊಡುವ ರೀತಿಯಲ್ಲಿದೆ. ಆದೇಶ ಬರುವುದು ಹಣಕಾಸು ವರ್ಷದ ಕೊನೆಗೆ. ದಿನಕ್ಕೆ ಇಷ್ಟು ಊರು ಎಂದು ಪಟ್ಟಿ. ಹೇಳಬೇಕಾದ ಯೋಜನೆಗಳ ಹೆಸರೇ ಒಂದು ಪುಟ. ಪ್ರದರ್ಶನವಾಯಿತು ಎಂದು ಪಂಚಾಯಿತಿಯಿಂದ ಸಹಿ ಬೇಕು, ಫೋಟೊ ಬೇಕು, ಫೋಟೊದಲ್ಲಿ ಬ್ಯಾನರ್ ಕಾಣಬೇಕು. ಬ್ಯಾನರ್ ಕಟ್ಟಿದ ಕೂಡಲೇ ಸುತ್ತು ಮುರಿಯುತ್ತದೆ. ಕಲಾವಿದರು ಬ್ಯಾನರಿಗೆ ಬೆನ್ನು ಕೊಟ್ಟು ಒಂದೇ ದಿಕ್ಕಿಗೆ, ಕ್ಯಾಮೆರಾ ಇರುವ ದಿಕ್ಕಿಗೆ, ಆಡತೊಡಗುತ್ತಾರೆ. ಸುತ್ತು ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದ ಊರು ಸಾಲಾಗಿ ನಿಂತ ಪ್ರೇಕ್ಷಕರಾಗುತ್ತದೆ. ಹಾಡಿನಲ್ಲಿ ಯೋಜನೆಗಳ ಪಟ್ಟಿ ಬರುತ್ತದೆ, ಕೊನೆಗೆ ವಂದನಾರ್ಪಣೆ, ಟೆಂಪೊ ಮುಂದಿನ ಊರಿಗೆ ಹೊರಡುತ್ತದೆ. ಬೀದಿಯಲ್ಲೇ ನಡೆದರೂ ಇದು ಟಿವಿಯೇ. ಟಿವಿಗಿರುವ ವ್ಯಾಪ್ತಿಯೂ ಇಲ್ಲ, ಬೀದಿಗಿರುವ ಮಾತುಕತೆಯೂ ಇಲ್ಲ.

ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯಲು ದೊಡ್ಡ ಸಮೀಕ್ಷೆ ಬೇಡ. ಮರುದಿನ ಆ ಊರಿನ ಮಕ್ಕಳನ್ನು ಕರೆದು 'ನಿನ್ನೆ ಏನ್ ನೋಡಿದ್ರಿ?' ಎಂದರೆ ಸಾಕು. ಹಾಸ್ಯಗಾರನ ಮಾತು ಮಾತ್ರ ಹೇಳಿದರೆ ಸಂದೇಶ ಹಾಸ್ಯದ ಹೊರಗೆ ನಿಂತಿತ್ತು ಎಂದರ್ಥ. ಕುಡುಕನ ಪಾತ್ರವನ್ನು ಅನುಕರಿಸಿ ತೂರಾಡಿ ತೋರಿಸಿದರೆ ಕುಡಿತದ ವಿರುದ್ಧದ ನಾಟಕ ಕುಡುಕನನ್ನೇ ನಾಯಕ ಮಾಡಿದೆ. ತಂಡಗಳು ಹೆಚ್ಚು ಬೀಳುವ ಹಳ್ಳವೇ ಇದು. ಹೆಂಗಸರು ನೀರಿನ ನಲ್ಲಿಯ ಹತ್ತಿರ ಅಪ್ಪನದು ಸರಿಯೋ ಮಗಳದು ಸರಿಯೋ ಎಂದು ವಾದಿಸುತ್ತಿದ್ದರೆ ಮಾತ್ರ ನಾಟಕ ಊರಿನೊಳಗೆ ಇಳಿದಿದೆ.

ಎರಡು ಮಾಧ್ಯಮಗಳನ್ನು ಜಾಣತನದಿಂದ ಜೋಡಿಸಿದ ಉದಾಹರಣೆಯೂ ನಮ್ಮ ದೇಶದಲ್ಲಿದೆ. 2002ರಲ್ಲಿ ಆಕಾಶವಾಣಿ ಬಿಹಾರ ಮತ್ತು ಸುತ್ತಲಿನ ಹಿಂದಿ ರಾಜ್ಯಗಳಿಗೆ 'ತರು' ಎಂಬ ಧಾರಾವಾಹಿಯನ್ನು 52 ಕಂತುಗಳಲ್ಲಿ ಬಿತ್ತರಿಸಿತು. ತರು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವ ಓದಿದ ಹುಡುಗಿ. ಜಾತಿ, ಹೆಣ್ಣುಮಕ್ಕಳ ಸ್ಥಾನಮಾನ, ಚಿಕ್ಕ ಕುಟುಂಬ ಅದರ ವಿಷಯಗಳು. ಪ್ರಸಾರಕ್ಕೆ ಮೊದಲು ಬಿಹಾರದ ಕೆಲವು ಹಳ್ಳಿಗಳಲ್ಲಿ ಜಾನಪದ ಕಲಾವಿದರು ಅದೇ ಕಥೆಯನ್ನು ಆಡಿ ತೋರಿಸಿದರು. ಕೇಳುಗರ ಗುಂಪುಗಳಾದವು, ಅವರಿಗೆ ಟ್ರಾನ್ಸಿಸ್ಟರ್ ಸಿಕ್ಕಿತು. ಅಬೀರ್‌ಪುರ ಎಂಬ ಹಳ್ಳಿಯಲ್ಲಿ ಕಂತು ಮುಗಿದ ಮೇಲೆ ಹುಡುಗ ಹುಡುಗಿಯರು ಒಟ್ಟಿಗೆ ಕೂತು ಚರ್ಚಿಸತೊಡಗಿದರು. ಹುಡುಗ ಹುಡುಗಿಯರು ಒಟ್ಟಿಗೆ ಕೂರುವುದೇ ಅಲ್ಲಿನ ಹಿರಿಯರಿಗೆ ಸಮಸ್ಯೆಯಾಯಿತು. ಧಾರಾವಾಹಿಯ ಒಂದು ಪಾತ್ರ ದಲಿತ ಮಕ್ಕಳಿಗೆ ಶಾಲೆ ತೆರೆಯುತ್ತದೆ. ಅದನ್ನು ಕೇಳಿದ ಅಬೀರ್‌ಪುರದ ಹುಡುಗಿಯರು ತಮ್ಮೂರಿನ ಬಡ ಮಕ್ಕಳಿಗೆ ಪಾಠ ಹೇಳಲು ಶುರು ಮಾಡಿದರು. 2003ರಲ್ಲಿ ಕೇಳುಗರ ಗುಂಪಿನವರೇ ನಾಟಕ ಕಟ್ಟುವುದನ್ನು ಕಲಿತು, ತಮ್ಮ ಊರುಗಳಲ್ಲಿ ತಮ್ಮ ಬದುಕಿನದೇ ನಾಟಕ ಆಡಿದರು.

ಇಲ್ಲಿ ಕ್ರಮ ಗಮನಿಸಬೇಕು. ಮೊದಲು ಜಾನಪದ, ಅದು ಕುತೂಹಲ ಹುಟ್ಟಿಸಿತು. ಆಮೇಲೆ ರೇಡಿಯೊ, ಅದು ವಾರವಾರವೂ ಬಂದು, ಒಂದು ಸಲ ಬಂದು ಹೋಗುವ ತಂಡದಿಂದಾಗದ ಕೆಲಸ ಮಾಡಿತು. ಕಥೆ ಒಂದು ವರ್ಷ ಜೊತೆಗಿತ್ತು. ಕೊನೆಗೆ ನಾಟಕ, ಆದರೆ ಈ ಸಲ ಊರಿನವರದೇ. ಕೇಳುತ್ತಿದ್ದವರು ಹೇಳುವವರಾದರು. 1975ರ ಅಂಗಳದಲ್ಲಿ ಪರದೆಗೆ ಉತ್ತರ ಕೊಡಲು ದಾರಿಯಿಲ್ಲದವನಿಗೆ ಇಲ್ಲಿ ದಾರಿಯಿತ್ತು.

ಕರ್ನಾಟಕದಲ್ಲಿ ಇದಕ್ಕೆ ಬೇಕಾದದ್ದೆಲ್ಲ ಇದೆ. ಆಕಾಶವಾಣಿಯ ಕೇಂದ್ರಗಳಿವೆ, ಸಮುದಾಯ ಬಾನುಲಿಗಳಿವೆ, ಗೀಗೀ ಮೇಳಗಳಿವೆ, ಬೀದಿಯಲ್ಲಿ ಆಡಿ ಪಳಗಿದ ತಂಡಗಳಿವೆ. ಜಾಥಾಕ್ಕೆ ಹಣ ಮಂಜೂರು ಮಾಡುವ ಅಧಿಕಾರಿಗಳೂ ಸಂಸ್ಥೆಗಳೂ ಮುಂದಿನ ಸಲ ಆದೇಶ ಬರೆಯುವಾಗ ಮೂರು ಬದಲಾವಣೆ ಮಾಡಲಿ. ಒಂಬತ್ತು ಊರಿಗೆ ಒಂದೊಂದು ಪ್ರದರ್ಶನ ಎಂಬ ಕಡೆ ಮೂರು ಊರಿಗೆ ಮೂರು ಸಲ ಎಂದು ಬರೆಯಲಿ. ನಾಟಕಕ್ಕೆ ಮೊದಲು ಊರಿನಲ್ಲಿ ಕೂತು ಕೇಳುವ ಒಂದು ದಿನಕ್ಕೂ ಕಲಾವಿದರಿಗೆ ಸಂಭಾವನೆ ಕೊಡಲಿ. ವರದಿಯಲ್ಲಿ ಬ್ಯಾನರಿನ ಫೋಟೊ ಕೇಳುವ ಜಾಗದಲ್ಲಿ, ಊರಿನವರು ನಾಟಕಕ್ಕೆ ಏನೆಂದು ಎದುರು ಮಾತಾಡಿದರು ಎಂದು ಬರೆದು ಕಳಿಸಿ ಎನ್ನಲಿ.